ಬಿಪಿ ಡೈರಿ ಬರೆಯಲು ಬೇಸರವೇ? ವಾಯ್ಸ್ ನೋಟ್‌ನಲ್ಲಿ ಹೇಳಿ, ವಾರಕ್ಕೊಮ್ಮೆ ಬರಹಕ್ಕೆ ಇಳಿಸಿ

“ಮನೆಯಲ್ಲಿ ಬಿಪಿ ನೋಡಿ ಬರೆದಿಟ್ಟುಕೊಳ್ಳಿ, ಮುಂದಿನ ಸಲ ಬರುವಾಗ ತನ್ನಿ” ಎಂದು ವೈದ್ಯರು ಹೇಳುತ್ತಾರೆ. ಮನೆಗೆ ಬಂದ ಮೇಲೆ ಎರಡು ದಿನ ಬರೆಯುತ್ತೇವೆ, ಮೂರನೇ ದಿನ ಪೆನ್ನು ಸಿಗುವುದಿಲ್ಲ. ಮೊಬೈಲ್‌ನಲ್ಲಿ ಟೈಪ್ ಮಾಡೋಣ ಎಂದರೆ ಕನ್ನಡಕ ಹುಡುಕಬೇಕು. ಕೊನೆಗೆ ವೈದ್ಯರ ಬಳಿ ಹೋಗುವ ಹಿಂದಿನ ರಾತ್ರಿ ಕುಳಿತು, ನೆನಪಿದ್ದಷ್ಟು ಅಂಕಿಗಳನ್ನು ಸಾಲಾಗಿ ತುಂಬಿಸುತ್ತೇವೆ.

ಇದು ನಮ್ಮ ಮನೆಗಳ ಕಥೆ ಮಾತ್ರವಲ್ಲ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟವಾಗಿತ್ತು. ದೀರ್ಘಕಾಲದ ನೋವಿರುವ ರೋಗಿಗಳಿಗೆ ದಿನಕ್ಕೆ ಮೂರು ಬಾರಿ ಬರೆಯಲು ಕಾಗದದ ಡೈರಿ ಕೊಡಲಾಗಿತ್ತು. ಡೈರಿ ಯಾವಾಗ ತೆರೆಯಿತು ಎಂದು ತಿಳಿಯಲು ಅದರಲ್ಲಿ ಬೆಳಕನ್ನು ಗುರುತಿಸುವ ಸಣ್ಣ ಸಾಧನವೊಂದನ್ನು ರೋಗಿಗಳಿಗೆ ತಿಳಿಯದಂತೆ ಅಳವಡಿಸಿದ್ದರು. ಹೇಳಿದ ಹೊತ್ತಿಗೇ ಬರೆದಿದ್ದೇವೆ ಎಂದು ರೋಗಿಗಳು ನಮೂದಿಸಿದ್ದು ಶೇ. 90ರಷ್ಟು ಬಾರಿ. ನಿಜವಾಗಿ ಆ ಹೊತ್ತಿಗೆ ಬರೆದದ್ದು ಶೇ. 11ರಷ್ಟು ಮಾತ್ರ!

ಟೈಪಿಂಗ್ ಇಷ್ಟವಿಲ್ಲದವರಿಗೆ ವಾಯ್ಸ್ ನೋಟ್ ಸಹಾಯ ಮಾಡುವುದು ಇಲ್ಲಿಯೇ. ಅದು ಸುಲಭ ಎನ್ನುವುದು ಒಂದು ಕಾರಣ. ಕಳುಹಿಸಿದ ದಿನ ಮತ್ತು ಸಮಯ ಅದರ ಜೊತೆಗೇ ದಾಖಲಾಗುತ್ತದೆ ಎನ್ನುವುದು ಅದಕ್ಕಿಂತ ದೊಡ್ಡ ಕಾರಣ. ಸೋಮವಾರದ ಬಿಪಿಯನ್ನು ಭಾನುವಾರ ನೆನಪಿಸಿಕೊಂಡು ಹೇಳಿದರೆ ಅದು ಭಾನುವಾರದ್ದು ಎಂದು ಕಾಣುತ್ತದೆ.

ವಾಯ್ಸ್ ನೋಟ್‌ನಲ್ಲಿ ಏನು ಹೇಳಬೇಕು?

ವೈದ್ಯರನ್ನು ಕಾಣುವ ಹಿಂದಿನ ವಾರ, ಏಳು ದಿನ ಬೆಳಗ್ಗೆ ಮತ್ತು ಸಂಜೆ ಬಿಪಿ ನೋಡಿ. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ, ಟೀ ಬೇಡ. ಮೂತ್ರ ವಿಸರ್ಜನೆ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ತೋಳು ಎದೆಯ ಮಟ್ಟದಲ್ಲಿರಲಿ. ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆಯಿರಿ. ಬೆಳಗಿನ ಅಳತೆ ಮಾತ್ರೆಗಿಂತ ಮೊದಲು ಆಗಬೇಕು.

ಎದ್ದು ಹೋಗುವ ಮೊದಲೇ, ಯಂತ್ರದ ಪರದೆ ನೋಡುತ್ತಾ ಮಗನಿಗೋ ಮಗಳಿಗೋ ವಾಯ್ಸ್ ನೋಟ್ ಕಳುಹಿಸಿ. ಯಾವಾಗಲೂ ಇದೇ ಕ್ರಮದಲ್ಲಿ ಮೂರು ವಿಷಯ ಹೇಳಿದರೆ ಸಾಕು:

1. ಎರಡು ಬಾರಿ ಬಂದ ಅಂಕಿಗಳು.
2. ಮಾತ್ರೆ ತೆಗೆದುಕೊಂಡದ್ದು ಎಷ್ಟು ಗಂಟೆಗೆ, ಅಥವಾ ಮರೆತಿದ್ದರೆ ಅದು.
3. ತಲೆಸುತ್ತು, ನಿದ್ದೆಗೇಡು, ಕಾಲು ಊತ, ಪ್ರಯಾಣ, ಇಂಥ ಏನಾದರೂ ವಿಶೇಷ.

ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿ. ಕನ್ನಡದಲ್ಲಿ ಎಪ್ಪತ್ತು ಮತ್ತು ಎಂಬತ್ತು ಅವಸರದಲ್ಲಿ ಹೇಳಿದರೆ ಒಂದೇ ಥರ ಕೇಳಿಸುತ್ತವೆ. “ನೂರ ನಲವತ್ತೆರಡು, ಎಂಬತ್ತಾರು” ಎನ್ನುವ ಬದಲು “ಒಂದು ನಾಲ್ಕು ಎರಡು, ಎಂಟು ಆರು” ಎಂದರೆ ಗೊಂದಲವಿಲ್ಲ. ಜೊತೆಗೆ ಯಂತ್ರದ ಒಂದು ಫೋಟೋ ಇದ್ದರೆ ಇನ್ನೂ ಒಳ್ಳೆಯದು.

ವಾರದ ಬರಹ ಮಾಡುವುದು ಹೇಗೆ?

ಒಂದು ಉದಾಹರಣೆ ನೋಡೋಣ. ಅಮ್ಮ ಊರಿನಲ್ಲಿದ್ದಾರೆ, ಮಗಳು ಬೆಂಗಳೂರಿನಲ್ಲಿ. ಶನಿವಾರ ಸಂಜೆ ಅಮ್ಮನ ಧ್ವನಿ ಹೀಗಿದೆ: “ಪುಟ್ಟೀ, ಇವತ್ತು ಒಂದು ಐದು ಆರು ಬಂತು ಕಣೇ. ಮದುವೆ ಮನೆಯಿಂದ ಈಗಷ್ಟೇ ಬಂದೆ, ಮೆಟ್ಟಿಲು ಹತ್ತಿ ಸುಸ್ತಾಗಿದೆ.”

ಭಾನುವಾರ ಮಗಳು ಎಲ್ಲ ನೋಟ್‌ಗಳನ್ನು ಮತ್ತೊಮ್ಮೆ ಕೇಳಿ ಪಟ್ಟಿ ಮಾಡುತ್ತಾಳೆ. ಪ್ರತಿ ಹೊತ್ತಿನ ಎರಡು ಅಳತೆಗಳ ಸರಾಸರಿ ತೆಗೆಯುತ್ತಾಳೆ. ಮೊದಲ ದಿನದ ಅಂಕಿಗಳನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ, ಏಕೆಂದರೆ ಹೊಸದಾಗಿ ಅಳೆಯುವಾಗಿನ ಆತಂಕಕ್ಕೆ ಬಿಪಿ ಸ್ವಲ್ಪ ಹೆಚ್ಚಿರುತ್ತದೆ. ಉಳಿದ ದಿನಗಳ ಮೇಲಿನ ಅಂಕಿ ಬೆಳಗ್ಗೆ 142, 140, 138, 144, 141. ಶುಕ್ರವಾರ ಬೆಳಗ್ಗೆ ಅಳೆದಿಲ್ಲ. ಸಂಜೆ 128, 130, 126, 130, 156, 128. ಕೆಳಗಿನ ಅಂಕಿಗಳನ್ನೂ ಹೀಗೆಯೇ ಲೆಕ್ಕ ಹಾಕಿದ ಮೇಲೆ ಅವಳು ಬರೆದದ್ದು ಇಷ್ಟು:

“ಬೆಳಗಿನ ಸರಾಸರಿ 141/86 (5 ದಿನ). ಸಂಜೆಯ ಸರಾಸರಿ 133/82 (6 ದಿನ). ಶನಿವಾರ ಸಂಜೆ 156/92, ಮೆಟ್ಟಿಲು ಹತ್ತಿ ಬಂದ ಕೂಡಲೇ ಅಳೆದದ್ದು. ಮಾತ್ರೆ: ಏಳರಲ್ಲಿ ಐದು ದಿನ ಬೆಳಗ್ಗೆ 8ಕ್ಕೆ, ಬುಧವಾರ ಮಧ್ಯಾಹ್ನ 2ಕ್ಕೆ, ಶುಕ್ರವಾರ ಮರೆತಿದ್ದಾರೆ. ಗುರುವಾರ ಎದ್ದಾಗ ತಲೆಸುತ್ತು, ಬೇರೆ ತೊಂದರೆ ಇಲ್ಲ.”

ಇದರಲ್ಲಿ ಎರಡು ವಿಷಯ ಗಮನಿಸಿ. ಶನಿವಾರದ 156 ಅನ್ನು ಮಗಳು ಅಳಿಸಿಲ್ಲ, ಕಾರಣವನ್ನು ಪಕ್ಕದಲ್ಲಿ ಬರೆದಿದ್ದಾಳೆ. ಶುಕ್ರವಾರದ ಖಾಲಿ ಜಾಗಕ್ಕೆ ಅಂದಾಜಿನ ಅಂಕಿ ಹಾಕಿಲ್ಲ.

ಮನೆಯಲ್ಲಿ ಅಳೆದ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಅಧಿಕ ಎಂದು ಪರಿಗಣಿಸುತ್ತಾರೆ. ಆಸ್ಪತ್ರೆಯಲ್ಲಿ ಈ ಮಿತಿ 140/90. ಅಂದರೆ ಅಮ್ಮನ ಬಿಪಿ ಬೆಳಗ್ಗೆ ಮಿತಿ ದಾಟುತ್ತಿದೆ, ಸಂಜೆ ಮಿತಿಯೊಳಗಿದೆ. ಅಮ್ಮನನ್ನೇ ಕೇಳಿದ್ದರೆ ಬಹುಶಃ “156 ಬಂದಿತ್ತು ಡಾಕ್ಟ್ರೇ” ಎಂದಷ್ಟೇ ಹೇಳುತ್ತಿದ್ದರು. ಈಗ ವೈದ್ಯರಿಗೆ ಬೆಳಗಿನ ಏರಿಕೆ, ತಪ್ಪಿದ ಮಾತ್ರೆ, ತಲೆಸುತ್ತು ಮೂರೂ ಒಟ್ಟಿಗೆ ಕಾಣುತ್ತವೆ. ಮಾತ್ರೆ ಹೆಚ್ಚಿಸಬೇಕೋ, ಸಮಯ ಬದಲಿಸಬೇಕೋ, ಮರೆಯದಂತೆ ನೋಡಿಕೊಂಡರೆ ಸಾಕೋ ಎಂದು ನಿರ್ಧರಿಸುವುದು ಅವರ ಕೆಲಸ. ಈ ಬರಹ ನೋಡಿ ನಾವೇ ಮಾತ್ರೆ ಬದಲಿಸಬಾರದು.

ಎಲ್ಲಿ ಎಡವುತ್ತೇವೆ?

ಫೋನಿನ ಕೀಬೋರ್ಡ್‌ನಲ್ಲಿ ಕನ್ನಡದ ಧ್ವನಿ ಟೈಪಿಂಗ್ ಇದೆ. ಸಾಮಾನ್ಯ ಮಾತಿಗೆ ಅದನ್ನು ಬಳಸಬಹುದು. ಆದರೆ ಬಿಪಿ ಅಂಕಿಗಳನ್ನು ಮಾತ್ರ ಕಿವಿಯಾರೆ ಕೇಳಿ, ಫೋಟೋ ಜೊತೆ ಹೋಲಿಸಿ ಬರೆಯಿರಿ. ಮೇಲಿನ ಅಂಕಿ ಕೆಳಗಿನದಕ್ಕಿಂತ ಕಡಿಮೆ ಇದ್ದರೆ, ಅಥವಾ ಅದೇ ಹೊತ್ತಿನ ಎರಡು ಅಳತೆಗಳ ನಡುವೆ ಭಾರೀ ಅಂತರವಿದ್ದರೆ, ತಪ್ಪಾಗಿ ಕೇಳಿಸಿಕೊಂಡಿರುವ ಸಾಧ್ಯತೆ ಇದೆ.

ವಾಟ್ಸ್‌ಆ್ಯಪ್‌ನಲ್ಲಿ ಸಂದೇಶಗಳು ತಾನಾಗಿಯೇ ಅಳಿಸಿಹೋಗುವ ಆಯ್ಕೆ ಆನ್ ಆಗಿದೆಯೇ ನೋಡಿ. ಅದು 24 ಗಂಟೆ ಅಥವಾ 7 ದಿನಕ್ಕೆ ಇದ್ದರೆ, ಬರೆಯಲು ಕುಳಿತಾಗ ಕೆಲವು ನೋಟ್‌ಗಳೇ ಇಲ್ಲದಿರಬಹುದು.

ಹೃದಯ ಬಡಿತ ಏರುಪೇರಾಗಿರುವವರಲ್ಲಿ ಮನೆಯ ಯಂತ್ರದ ಅಂಕಿಗಳು ಅಷ್ಟು ನಂಬಿಕಾರ್ಹವಲ್ಲ. ಅಂಥವರು ವೈದ್ಯರನ್ನು ಕೇಳಿಯೇ ಈ ಕ್ರಮ ಅನುಸರಿಸಲಿ.

ಭಾನುವಾರದವರೆಗೆ ಕಾಯಬಾರದ್ದು

ಬರಹ ವಾರಕ್ಕೊಮ್ಮೆ ಸಾಕು, ಆದರೆ ವಾಯ್ಸ್ ನೋಟ್ ಅನ್ನು ಅಂದಂದೇ ಕೇಳಬೇಕು. ಬಿಪಿ 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ದೃಷ್ಟಿ ಮಂಜಾಗುವುದು ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ. ಒಂದು ಕಡೆಯ ಕೈಕಾಲಿನ ಶಕ್ತಿ ಕುಂದಿದರೆ ಅಥವಾ ಮಾತು ತೊದಲಿದರೆ ಅಂಕಿ ಎಷ್ಟೇ ಇರಲಿ, ಹಾಗೆಯೇ ಮಾಡಿ. ಆಗ ವಾಯ್ಸ್ ನೋಟ್ ಕಳುಹಿಸುತ್ತಾ ಕೂರಬೇಡಿ, ಅದನ್ನು ಯಾರೂ ಒಂದು ಗಂಟೆ ತೆರೆಯದೇ ಇರಬಹುದು. ನೋಟ್ ಕೇಳುವವರೂ ಅಂಕಿಗಳ ಜೊತೆಗೆ ಧ್ವನಿಯನ್ನೂ ಗಮನಿಸಿ. ದಿನವೂ ಕೇಳುವ ಅಮ್ಮನ ಮಾತು ಇವತ್ತು ತೊದಲುತ್ತಿದೆ ಎನ್ನಿಸಿದರೆ, ಕೂಡಲೇ ಫೋನ್ ಮಾಡಿ ಮಾತಾಡಿಸಿ.