ವೀಣೆಯ 24 ಮೆಟ್ಟಿಲು ಬೆನ್ನುಮೂಳೆಯ ಲೆಕ್ಕವೇ? ಜಾರುವ ಸ್ವರ ನಿಜವಾಗಿ ಹುಟ್ಟುವುದೆಲ್ಲಿ?

ವೀಣೆಯ ಬಗ್ಗೆ ಒಂದು ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿದೆ. ಮನುಷ್ಯನ ಬೆನ್ನುಹುರಿಯಲ್ಲಿ 24 ಮೂಳೆ, ವೀಣೆಯಲ್ಲಿ 24 ಮೆಟ್ಟಿಲು, ಆದ್ದರಿಂದ ವೀಣೆ ದೇಹದ ಪ್ರತಿರೂಪ ಎಂಬುದು ಅದರ ಸಾರಾಂಶ. ಕುಷ್ಟಗಿಯ ಓದುಗರೊಬ್ಬರು ಇದನ್ನು ನಮಗೆ ಕಳಿಸಿ, ಕೆಳಗೆ ತಮ್ಮದೊಂದು ಪ್ರಶ್ನೆ ಸೇರಿಸಿದ್ದರು: "24 ಮನಿಯಾಗ ಎಲ್ಲಾ ಸ್ವರ ಅದಾವ ಅಂದ್ರ, ನಮ್ಮ ಹುಡುಗಿ ತಂತಿ ಯಾಕ ಜಗ್ಗತಾಳ್ರೀ? ಟ್ಯೂನರ್ ಆ್ಯಪ್‌ನ್ಯಾಗ ಮುಳ್ಳು ಒಂದ್ ಕಡೆ ನಿಂದರವಲ್ದು. ವೀಣಿ ಕೆಟ್ಟೈತೇನು?"

ಫಾರ್ವರ್ಡ್‌ಗಿಂತ ಈ ಪ್ರಶ್ನೆಯೇ ನಮಗೆ ಹೆಚ್ಚು ಹಿಡಿಸಿತು. ಆದರೂ ಫಾರ್ವರ್ಡ್ ವಿಷಯವನ್ನು ಮೊದಲು ಮುಗಿಸಿಬಿಡೋಣ.

ಎರಡೂ ಸಂಖ್ಯೆ ಸರಿಯೇ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಒಟ್ಟು 24 ಬಿಡಿ ಕಶೇರುಗಳು ನಮಗಿವೆ. ಅದರ ಕೆಳಗೆ ಬೆಸೆದುಕೊಂಡ ಮೂಳೆಗಳೂ ಇವೆ, ಫಾರ್ವರ್ಡ್ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವೀಣೆಯಲ್ಲಿ 24 ಮೆಟ್ಟಿಲು ಇರುವುದಕ್ಕೆ ಕಾರಣ ತೀರಾ ಸರಳ. ಒಂದು ಸ್ಥಾಯಿಯಲ್ಲಿ 12 ಸ್ವರಸ್ಥಾನ, ಒಂದು ತಂತಿಯ ಮೇಲೆ ಎರಡು ಸ್ಥಾಯಿ ನುಡಿಸಬೇಕು, ಎರಡು ಹನ್ನೆರಡಲಿ 24. ಮೂರು ಸ್ಥಾಯಿ ಬೇಕೆಂದಿದ್ದರೆ 36 ಆಗುತ್ತಿತ್ತು, ಆಗ ಬೆನ್ನುಮೂಳೆಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಮೆಟ್ಟಿಲುಗಳ ನಡುವಿನ ಜಾಗ ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಕಿರಿದು, ಬೆನ್ನುಮೂಳೆಯೂ ಹಾಗೇ ಎಂಬ ಮಾತೂ ಆ ಸಂದೇಶದೊಂದಿಗೆ ಬರುತ್ತದೆ. ತಂತಿಯ ಉದ್ದ ಅರ್ಧವಾದಾಗ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಹಾಗಾಗಿ ಮೊದಲ 12 ಮೆಟ್ಟಿಲು ಅರ್ಧ ತಂತಿಯನ್ನು ತೆಗೆದುಕೊಳ್ಳುತ್ತವೆ, ಮುಂದಿನ 12 ಮೆಟ್ಟಿಲು ಉಳಿದ ಅರ್ಧದ ಅರ್ಧದಲ್ಲೇ ಕೂರಬೇಕು. 85 ಸೆಂ.ಮೀ. ತಂತಿಯಲ್ಲಿ ಮೊದಲ ಮನೆ ಸುಮಾರು 5 ಸೆಂ.ಮೀ. ಅಗಲವಿದ್ದರೆ ಕೊನೆಯದು ಒಂದೂಕಾಲು ಸೆಂ.ಮೀ. ಸಿತಾರ್, ಗಿಟಾರ್‌ಗಳಲ್ಲೂ ಇದೇ ಲೆಕ್ಕ. ಇನ್ನು ಚಿತ್ರವೀಣೆಗೆ ಮೆಟ್ಟಿಲೇ ಇಲ್ಲ, ಆದರೂ ಅದು ವೀಣೆಯೇ.

ಈ ಸಂಖ್ಯೆ ಆದಿಕಾಲದಿಂದ ಬಂದದ್ದೂ ಅಲ್ಲ. ಇದಕ್ಕೆ ಸಾಕ್ಷಿ ನಮ್ಮ ಪಕ್ಕದಲ್ಲೇ ಇದೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ನಿಂತರೆ ತುಂಗಭದ್ರೆಯ ಆಚೆ ದಡದಲ್ಲಿ ಹಂಪಿ. ಅಲ್ಲಿನ ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ 1550ರಲ್ಲಿ 'ಸ್ವರಮೇಳಕಲಾನಿಧಿ' ಎಂಬ ಸಂಸ್ಕೃತ ಗ್ರಂಥ ಬರೆದ. ವೀಣೆಯ ತಂತಿಗಳನ್ನು ಹೇಗೆ ಶ್ರುತಿ ಮಾಡಬೇಕು, ಮೆಟ್ಟಿಲುಗಳನ್ನು ಎಲ್ಲಿ ಕೂರಿಸಬೇಕು ಎಂದು ಅದರಲ್ಲಿ ಒಂದು ಅಧ್ಯಾಯವೇ ಇದೆ. ಅಚ್ಯುತದೇವರಾಯನ ಹೆಸರು ಹೊತ್ತ ಒಂದು ಬಗೆಯ ವೀಣೆಯೂ ಅಲ್ಲಿ ಬರುತ್ತದೆ. ಆಗ ಎರಡು ಪದ್ಧತಿಗಳಿದ್ದವು: ಎಲ್ಲ ರಾಗಕ್ಕೂ ಒಗ್ಗುವಂತೆ ಮೆಟ್ಟಿಲುಗಳನ್ನು ಖಾಯಂ ಕೂರಿಸುವುದು ಒಂದು, ರಾಗ ಬದಲಾದಂತೆ ಮೆಟ್ಟಿಲುಗಳನ್ನು ಸರಿಸಿಕೊಳ್ಳುವುದು ಇನ್ನೊಂದು. ಇಂದು ನಾವು ನೋಡುವ 24 ಖಾಯಂ ಮೆಟ್ಟಿಲಿನ ವೀಣೆ ಹದಿನೇಳನೇ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ನೆಲೆಗೊಂಡಿತು ಎಂಬುದು ಸಂಗೀತ ಚರಿತ್ರೆ ಬರೆದವರ ಸಾಮಾನ್ಯ ಅಭಿಪ್ರಾಯ. ಬೆನ್ನುಮೂಳೆಯಂತೂ ಅದಕ್ಕಿಂತ ಹಳೆಯದು.

ಈಗ ಓದುಗರ ಪ್ರಶ್ನೆಗೆ ಬರೋಣ. 24 ಮೆಟ್ಟಿಲು ಕೊಡುವುದು 24 ನಿಂತ ಸ್ವರಗಳನ್ನು ಮಾತ್ರ. ನಮ್ಮ ಕಡೆ ಯಲಬುರ್ಗಾ, ಕೊಪ್ಪಳದ ಭಜನೆಗಳಲ್ಲಿ ಹಾರ್ಮೋನಿಯಂ ಕೇಳದವರಿಲ್ಲ. ಅದರಲ್ಲಿ ಒಂದು ಮನೆ ಒತ್ತಿದರೆ ಒಂದು ಸ್ವರ. ಎರಡು ಮನೆಗಳ ನಡುವೆ ಏನಿದೆಯೋ ಅದು ಹಾರ್ಮೋನಿಯಂಗೆ ಸಿಗುವುದಿಲ್ಲ. ಹಾಡುವವರ ದನಿ ಆ ನಡುವಿನಲ್ಲೇ ತೂಗಾಡುತ್ತದೆ, ಕರ್ನಾಟಕ ಸಂಗೀತದ ರಾಗಗಳ ಗುರುತು ಬಹಳಷ್ಟು ಸಲ ಇರುವುದೂ ಅಲ್ಲೇ. ಹಿಂದೂಸ್ತಾನಿಯವರು ಮೀಂಡ್ ಎನ್ನುವುದಕ್ಕೆ ಹತ್ತಿರದ್ದನ್ನು ಕರ್ನಾಟಕ ಸಂಗೀತದಲ್ಲಿ ಗಮಕದ ಕೆಳಗೆ ಸೇರಿಸುತ್ತಾರೆ.

ವೀಣೆಯಲ್ಲಿ ಸ್ವರವನ್ನು ಜಾರಿಸಲು ಎರಡು ದಾರಿಗಳಿವೆ. ಬೆರಳನ್ನು ತಂತಿಯ ಉದ್ದಕ್ಕೆ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಜಾರಿಸುವುದು ಮೊದಲನೆಯದು, ಇದೇ ಜಾರು. ಗಮನವಿಟ್ಟು ಕೇಳಿದರೆ ಇದರಲ್ಲಿ ದಾಟಿಹೋದ ಮೆಟ್ಟಿಲುಗಳ ಸುಳಿವು ಸಿಗುತ್ತದೆ, ಪಾವಟಿಗೆ ಇಳಿದ ಹಾಗೆ. ಎರಡನೆಯದರಲ್ಲಿ ಬೆರಳು ಒಂದೇ ಮೆಟ್ಟಿಲ ಮೇಲಿರುತ್ತದೆ, ತಂತಿಯನ್ನು ಮಾತ್ರ ಅಡ್ಡಕ್ಕೆ ಎಳೆಯುತ್ತಾರೆ. ನಡುವೆ ಎಲ್ಲೂ ತುಂಡಾಗದ ನಯವಾದ ಏರಿಳಿತ ಬರುವುದು ಇದರಿಂದ. ಹುಡುಗಿ "ಜಗ್ಗುವುದು" ಇದನ್ನೇ.

ಎಳೆದರೆ ಸ್ವರ ಏಕೆ ಏರುತ್ತದೆ? ತಂತಿ ಬಿಗಿಯಾದಷ್ಟೂ ಬೇಗ ಅದುರುತ್ತದೆ. ಆದರೆ ಈ ಲೆಕ್ಕ ನೇರವಾದದ್ದಲ್ಲ. ಅದುರುವ ವೇಗ ಎರಡು ಪಟ್ಟಾಗಬೇಕಾದರೆ ಬಿಗಿತ ನಾಲ್ಕು ಪಟ್ಟಾಗಬೇಕು. ಹುಡುಗಿ ಕಲಿಯುತ್ತಿದ್ದದ್ದು ತೋಡಿ ರಾಗ, ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ತೋಡಿಯ ಗಾಂಧಾರ ಸಾಮಾನ್ಯವಾಗಿ ಒಂದೆಡೆ ನಿಲ್ಲುವುದಿಲ್ಲ, ಕೆಳಗಿನ ರಿಷಭಕ್ಕೂ ಮೇಲಿನ ಮಧ್ಯಮಕ್ಕೂ ನಡುವೆ ತೂಗುತ್ತದೆ. ಷಡ್ಜ 160 ಹರ್ಟ್ಸ್ ಎಂದಿಟ್ಟುಕೊಂಡರೆ, ಅಂದರೆ ತಂತಿ ಸೆಕೆಂಡಿಗೆ 160 ಸಲ ಅದುರಿದರೆ, ಶುದ್ಧ ರಿಷಭ ಸುಮಾರು 171, ಸಾಧಾರಣ ಗಾಂಧಾರ 192, ಶುದ್ಧ ಮಧ್ಯಮ ಸುಮಾರು 213. ರಿಷಭದ ಮೆಟ್ಟಿಲ ಮೇಲೆ ಬೆರಳಿಟ್ಟು ಗಾಂಧಾರದವರೆಗೆ ಎಳೆಯಲು ತಂತಿಯ ಬಿಗಿತ ಶೇ 27ರಷ್ಟು ಹೆಚ್ಚಬೇಕು. ಮಧ್ಯಮ ಮುಟ್ಟಬೇಕಾದರೆ ಶೇ 56.

ಕೇಳಲು ಇದು ದೊಡ್ಡ ಸಂಖ್ಯೆ, ಆದರೆ ಉಕ್ಕಿನ ತಂತಿಗೆ ಇದು ಒಂದಿಷ್ಟೇ ಎಳೆತದ ಮಾತು. 85 ಸೆಂ.ಮೀ. ತಂತಿಗೆ ನಾವು ಲೆಕ್ಕ ಹಾಕಿದಾಗ, ಗಾಂಧಾರಕ್ಕೆ ಬೇಕಾದ ಹಿಗ್ಗುವಿಕೆ ಒಂದು ಮಿಲಿಮೀಟರ್‌ಗಿಂತ ಕಡಿಮೆ. ಅದಕ್ಕಾಗಿ ಬೆರಳು ಮೊದಲ ಮೆಟ್ಟಿಲ ಮೇಲೆ ಅಡ್ಡಕ್ಕೆ ಸರಿಯಬೇಕಾದದ್ದು ಸುಮಾರು 8 ಮಿ.ಮೀ., ಮಧ್ಯಮಕ್ಕೆ ಸುಮಾರು 12 ಮಿ.ಮೀ. ರಬ್ಬರ್ ಬ್ಯಾಂಡ್ ಎಳೆದು ಮೀಟಿ ನೋಡಿದವರಿಗೆ ಅನುಮಾನ ಬರಬಹುದು, ಅಲ್ಲಿ ಎಷ್ಟು ಎಳೆದರೂ ದನಿ ಅಷ್ಟಾಗಿ ಬದಲಾಗುವುದಿಲ್ಲ. ರಬ್ಬರ್‌ನಲ್ಲಿ ಬಿಗಿತದ ಜೊತೆಗೆ ಉದ್ದವೂ ಬೆಳೆದು ಒಂದನ್ನೊಂದು ತಿಂದುಹಾಕುತ್ತವೆ. ಉಕ್ಕು ಕೂದಲೆಳೆಯಷ್ಟು ಹಿಗ್ಗಿದರೆ ಸಾಕು, ಬಿಗಿತ ಏರಿಬಿಡುತ್ತದೆ. ಹೀಗಾಗಿ ಕಲಿಕೆಯಲ್ಲಿರುವ ಬೆರಳು ಒಂದೆರಡು ಮಿ.ಮೀ. ತಪ್ಪಿದರೂ ಸ್ವರ ತಪ್ಪುತ್ತದೆ. ಅಲ್ಲಿ ಕಣ್ಣಿಗೆ ಕಾಣುವ ಗುರುತೇನೂ ಇಲ್ಲ, ಕಿವಿಯೇ ಹೇಳಬೇಕು.

ಇನ್ನೊಂದು ಅನುಕೂಲವೂ ವೀಣೆಗಿದೆ. ಒಮ್ಮೆ ಮೀಟಿದ ನಾದ ಬೇಗ ಸಾಯುವುದಿಲ್ಲ, ಆದ್ದರಿಂದ ಒಂದೇ ಮೀಟಿನಲ್ಲಿ ಎರಡು ಮೂರು ಸ್ವರ ಎಳೆದು ತೋರಿಸಲು ಸಮಯ ಸಿಗುತ್ತದೆ. ತಂತಿ ಕೂರುವ ಕುದುರೆಯ ಮೇಲಿನ ಲೋಹದ ತಗಡು ಚಪ್ಪಟೆಯಾಗಿಲ್ಲ, ಸ್ವಲ್ಪ ಬಾಗಿದೆ. ತಂತಿ ಅದನ್ನು ಸವರುತ್ತಾ ಅದುರುವುದರಿಂದ ನಾದದಲ್ಲಿ ಮೇಲಿನ ಅಂಶಸ್ವರಗಳು ತುಂಬುತ್ತವೆ. ಸಿ.ವಿ. ರಾಮನ್ 1921ರ ಸುಮಾರಿಗೆ ವೀಣೆ ಮತ್ತು ತಂಬೂರಿಯ ಬಗ್ಗೆ ಬರೆದ ಲೇಖನದಲ್ಲಿ ಗಮನ ಸೆಳೆದದ್ದು ಇದೇ ಕುದುರೆಯ ಮೇಲೆ.

ಎಳೆತಕ್ಕೆ ಒಂದು ಮಿತಿಯೂ ಇದೆ: ಅದು ಸ್ವರವನ್ನು ಏರಿಸಬಲ್ಲದು, ಮೆಟ್ಟಿಲಿನ ಸ್ವರಕ್ಕಿಂತ ಕೆಳಗೆ ಇಳಿಸಲಾರದು. ಹಾಗಾದರೆ ಮೇಲಿಂದ ಕೆಳಕ್ಕೆ ಜಾರುವ ಸ್ವರ ಎಲ್ಲಿಂದ ಬರುತ್ತದೆ? ವೈಣಿಕರು ಮೊದಲು ಸದ್ದಿಲ್ಲದೆ ತಂತಿಯನ್ನು ಎಳೆದಿಟ್ಟುಕೊಂಡು, ಆಮೇಲೆ ಮೀಟಿ, ಮೆಲ್ಲಗೆ ಬಿಡುತ್ತಾರೆ. ಕೇಳುವವರಿಗೆ ಇಳಿತ ಮಾತ್ರ ಕೇಳಿಸುತ್ತದೆ, ಎಳೆದದ್ದು ಗೊತ್ತೇ ಆಗುವುದಿಲ್ಲ. ವಿಡಿಯೊ ನೋಡುವಾಗ ಎಡಗೈ ಮೇಲೆ ಕಣ್ಣಿಟ್ಟರೆ ಇದು ಕಾಣುತ್ತದೆ.

ಇಷ್ಟು ತಿಳಿದ ಮೇಲೆ ಟ್ಯೂನರ್ ಆ್ಯಪ್‌ನ ಮುಳ್ಳು ನಿಲ್ಲದಿರುವುದು ರೋಗವಲ್ಲ ಎಂಬುದು ಸ್ಪಷ್ಟ. ತೋಡಿಯ ಗಾಂಧಾರದಲ್ಲಿ ಮುಳ್ಳು ಅಲ್ಲಾಡದೆ ನಿಂತಿದ್ದರೇ ಗುರುಗಳು ಮತ್ತೊಮ್ಮೆ ನುಡಿಸು ಎನ್ನುತ್ತಿದ್ದರು. ಆದರೆ ವೀಣೆ ಸರಿಯಿದೆಯೇ ಎಂಬ ಅನುಮಾನ ಪೂರ್ತಿ ತಪ್ಪಾಗಿರಲಿಲ್ಲ. ಓದುಗರೊಂದಿಗೆ ಮಾತಾಡುವಾಗ ತಿಳಿದದ್ದು, ಆ ವೀಣೆ ಬೇಸಿಗೆಯಲ್ಲಿ ತಗಡಿನ ಮಾಳಿಗೆಯ ಕೋಣೆಯಲ್ಲಿತ್ತು. ವೀಣೆಯ ಲೋಹದ ಮೆಟ್ಟಿಲುಗಳನ್ನು ಮೊಳೆ ಹೊಡೆದು ಕೂರಿಸಿರುವುದಿಲ್ಲ. ಜೇನುಮೇಣಕ್ಕೆ ಕಪ್ಪು ಪುಡಿ ಬೆರೆಸಿದ ದಿಂಡಿನ ಮೇಲೆ ಅವು ಕೂತಿರುತ್ತವೆ. ನಮ್ಮ ಜಿಲ್ಲೆಯ ಏಪ್ರಿಲ್, ಮೇ ಬಿಸಿಲಿಗೆ ಮುಚ್ಚಿದ ಕೋಣೆಯಲ್ಲೋ ನಿಲ್ಲಿಸಿದ ಕಾರಿನಲ್ಲೋ ಈ ಮೇಣ ಮೆದುವಾಗುತ್ತದೆ. ಆಗ ದಿನಾ ಅಡ್ಡಕ್ಕೆ ಎಳೆಯುವ ಬೆರಳಿನ ಒತ್ತಡಕ್ಕೆ ಮೆಟ್ಟಿಲು ಒಂದಿಷ್ಟು ವಾಲುತ್ತದೆ, ಇಲ್ಲವೇ ಸರಿಯುತ್ತದೆ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಎಳೆಯದೆ, 12ನೇ ಮೆಟ್ಟಿಲನ್ನು ಒತ್ತಿ ಮೀಟಿ. ಅದು ತೆರೆದ ತಂತಿಯ ಷಡ್ಜಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಮೇಲಿರಬೇಕು, ಅಂದರೆ 160ಕ್ಕೆ 320. ತಾಳದ ತಂತಿಗಳಲ್ಲಿ ಮೇಲಿನ ಷಡ್ಜಕ್ಕೆ ಶ್ರುತಿ ಮಾಡಿದ್ದನ್ನು ಅದರ ಜೊತೆಗೇ ಮೀಟಿದರೆ ಎರಡೂ ಬೆರೆತು ಒಂದೇ ದನಿಯಾಗಬೇಕು. ಮೆಟ್ಟಿಲು ಕುದುರೆಯ ಕಡೆಗೆ 3 ಮಿ.ಮೀ. ಸರಿದಿದ್ದರೆ 320ರ ಬದಲು 322 ದಾಟುತ್ತದೆ, ಆಗ ಎರಡು ತಂತಿಗಳ ನಡುವೆ ಸೆಕೆಂಡಿಗೆ ಸುಮಾರು ಎರಡು ಸಲ ಅಲೆಯಂಥ ಏರಿಳಿತ ಕೇಳುತ್ತದೆ. ಇದಕ್ಕೆ ಆ್ಯಪ್ ಬೇಕಿಲ್ಲ.

ಕುಷ್ಟಗಿಯ ವೀಣೆಯಲ್ಲಿ ಆ ಅಲೆ ಕೇಳಿಸಿತು. ಮೊದಲ ಮೆಟ್ಟಿಲುಗಳು ಸರಿಯಾಗಿದ್ದವು, ಹುಡುಗಿಯ ತೋಡಿಯಲ್ಲೂ ದೋಷವಿರಲಿಲ್ಲ. ಸರಿದದ್ದು ನಡುವಿನ ಮೂರ್ನಾಲ್ಕು ಮೆಟ್ಟಿಲು, ಅದೂ ಕುದುರೆಯ ಕಡೆಗೆ. ಹಿಂದಕ್ಕೆ ಸರಿದಿದ್ದರೆ ಸ್ವರ ತಗ್ಗುತ್ತಿತ್ತು, ಒಂಚೂರು ಎಳೆದು ಸರಿಮಾಡಿಕೊಂಡು ಕೆಲ ದಿನ ನುಡಿಸಬಹುದಿತ್ತು. ಮುಂದಕ್ಕೆ ಸರಿದ ಮೆಟ್ಟಿಲಿನ ಸ್ವರ ಏರಿದ್ದು ಏರಿದ್ದೇ, ಬೆರಳಿಗೆ ಅದನ್ನು ಇಳಿಸುವ ದಾರಿಯಿಲ್ಲ. ಮನೆಯಲ್ಲೇ ಮೇಣ ಕಾಯಿಸಿ ಮೆಟ್ಟಿಲು ಒತ್ತಿ ನೋಡಲೇ ಎಂದು ಅವರು ಕೇಳಿದರು. ಬೇಡವೆಂದೆವು. ಒಂದನ್ನು ಸರಿಸಲು ಹೋದರೆ ಪಕ್ಕದ್ದೂ ಮೆದುವಾಗುತ್ತದೆ, ಎತ್ತರವೂ ಹೆಚ್ಚುಕಡಿಮೆಯಾಗಿ ತಂತಿ ಮುಂದಿನ ಮೆಟ್ಟಿಲಿಗೆ ತಾಗಿ ಗರಗರ ಎನ್ನತೊಡಗುತ್ತದೆ. ಅದು ಮೇಳ ಕಟ್ಟುವವರ ಕೆಲಸ. ವೀಣೆ ಈಗ ಕೆಳಗಿನ ತಂಪು ಕೋಣೆಗೆ ಬಂದಿದೆ, ಮೇಳ ಕಟ್ಟುವವರಲ್ಲಿಗೆ ಒಯ್ಯುವವರೆಗೆ ಹುಡುಗಿ ಮೊದಲ ಒಂಬತ್ತು ಮೆಟ್ಟಿಲುಗಳಲ್ಲೇ ತೋಡಿ ಅಭ್ಯಾಸ ಮಾಡುತ್ತಿದ್ದಾಳೆ.