ಕಾರಣ–ಪರಿಣಾಮ ಪ್ರಬಂಧ: ರೈಲು ಬಂದಿತು, ಕುಮಟಾ ಬಂದರು ಬಡವಾಯಿತು

ಬ್ರಿಟಿಷರ ಆಳ್ವಿಕೆಯಲ್ಲಿ ರೈಲ್ವೆಯು ವ್ಯಾಪಾರವನ್ನೂ ಜನರ ದಿನನಿತ್ಯದ ಪ್ರಯಾಣವನ್ನೂ ಹೇಗೆ ಬದಲಿಸಿತು ಎಂಬ ವಿಷಯದ ಮೇಲೆ ಬರೆಯುವ ವಿದ್ಯಾರ್ಥಿಗಳಲ್ಲಿ ಅನೇಕರು 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಹೊರಟ ಮೊದಲ ಪ್ರಯಾಣಿಕರ ರೈಲಿನಿಂದ ಆರಂಭಿಸಿ, ಅನಂತರ ನಡೆದುದನ್ನೆಲ್ಲ ಸಾಲಾಗಿ ಹೇಳುತ್ತಾರೆ. ಅದು ಘಟನೆಗಳ ಪಟ್ಟಿಯಾಗುತ್ತದೆಯೇ ಹೊರತು ಕಾರಣ–ಪರಿಣಾಮ ಪ್ರಬಂಧವಾಗುವುದಿಲ್ಲ. ರೈಲು ಬಂದ ನಂತರ ಆದದ್ದೆಲ್ಲವೂ ರೈಲಿನಿಂದಲೇ ಆದದ್ದಲ್ಲ. ಈ ಎರಡನ್ನೂ ಬೇರ್ಪಡಿಸಿ ತೋರಿಸುವುದೇ ಇಂತಹ ಪ್ರಬಂಧದ ಮುಖ್ಯ ಕೆಲಸ.

ಇಡೀ ಭಾರತವನ್ನು ಒಂದೇ ಪ್ರಬಂಧದಲ್ಲಿ ಹಿಡಿಯಲು ಹೋದರೆ ಈ ಕೆಲಸ ಸಾಧ್ಯವಾಗದು. ಒಂದು ಸರಕು, ಒಂದು ದಾರಿ, ಒಂದು ಕಾಲಾವಧಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಧಾರವಾಡ ಸೀಮೆಯ ಹತ್ತಿ ಅದಕ್ಕೆ ತಕ್ಕ ಉದಾಹರಣೆ.

ಮೊದಲಿನ ಸ್ಥಿತಿ

ಬದಲಾವಣೆಯನ್ನು ಹೇಳುವ ಮುನ್ನ ಬದಲಾಗುವುದಕ್ಕೆ ಮೊದಲು ಏನಿತ್ತು ಎಂಬುದನ್ನು ಹೇಳಬೇಕು. 1880ರ ದಶಕದವರೆಗೆ ಹುಬ್ಬಳ್ಳಿ, ಧಾರವಾಡ ಭಾಗದ ಹತ್ತಿಯ ದೊಡ್ಡ ಪಾಲು ಘಟ್ಟವಿಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬಯಿ ಸೇರುತ್ತಿತ್ತು. ಮಾರುಕಟ್ಟೆಯಲ್ಲಿ ಆ ಹತ್ತಿಗೆ ‘ಕುಮಟಾ ಹತ್ತಿ’ ಎಂದೇ ಹೆಸರು. ಬೆಳೆದ ಊರಿನ ಹೆಸರಲ್ಲ, ಹಡಗೇರಿದ ಬಂದರಿನ ಹೆಸರು. ಮೊದಲು ಹೇರಿನ ಎತ್ತುಗಳು, ಘಟ್ಟದ ರಸ್ತೆಗಳಾದ ಮೇಲೆ ಚಕ್ಕಡಿಗಳು ಈ ಸರಕನ್ನು ಹೊರುತ್ತಿದ್ದವು. ದಿನಕ್ಕೆ 20–25 ಕಿ.ಮೀ. ನಡೆಯುವ ಚಕ್ಕಡಿಗೆ ಸುಮಾರು 160 ಕಿ.ಮೀ. ದೂರದ ಈ ದಾರಿ ಒಂದು ವಾರದ ಪ್ರಯಾಣ. ಮಳೆಗಾಲದಲ್ಲಿ ಘಟ್ಟದ ದಾರಿಯೂ ಕಡಲೂ ಎರಡೂ ಕೆಡುತ್ತಿದ್ದುದರಿಂದ ವ್ಯಾಪಾರ ನಿಂತೇ ಹೋಗುತ್ತಿತ್ತು.

ರೈಲಿಗೂ ಒಂದು ಕಾರಣವಿತ್ತು

ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಅಂಶವಿದು. ರೈಲ್ವೆ ಕಾರಣವಷ್ಟೇ ಅಲ್ಲ, ತಾನೇ ಒಂದು ಪರಿಣಾಮವೂ ಹೌದು. 1876–78ರ ಭೀಕರ ಕ್ಷಾಮವು ಬಳ್ಳಾರಿ, ಧಾರವಾಡ, ವಿಜಾಪುರ ಸೀಮೆಗಳನ್ನು ತತ್ತರಿಸುವಂತೆ ಮಾಡಿತು. ಧಾನ್ಯವನ್ನು ಬೇಗ ಸಾಗಿಸಲು ರೈಲುಮಾರ್ಗಗಳು ಬೇಕೆಂದು 1880ರ ಕ್ಷಾಮ ಆಯೋಗ ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಹತ್ತಿಯನ್ನು ಕಡಲಿಗೆ ಮುಟ್ಟಿಸುವ ಆಸೆಯೂ ಇದರ ಹಿಂದೆ ಇತ್ತು. ಪೋರ್ಚುಗೀಸರೊಡನೆ 1878ರಲ್ಲಿ ಆದ ಒಪ್ಪಂದದ ಫಲವಾಗಿ, 1880ರ ದಶಕ ಮುಗಿಯುವುದರೊಳಗೆ ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಗೋವೆಯ ಮರ್ಮಗೋವಾ ಬಂದರಿನವರೆಗೆ ಮೀಟರ್ ಗೇಜ್ ಹಳಿ ಸೇರಿತು. ಬೆಳಗಾವಿಯ ಮೇಲೆ ಪುಣೆಗೂ ಸಂಪರ್ಕ ದೊರೆಯಿತು. ಕುಮಟಾಕ್ಕೆ ಮಾತ್ರ ರೈಲು ಬರಲಿಲ್ಲ.

ಕೊಂಡಿಗಳನ್ನು ಜೋಡಿಸುವುದು

‘ರೈಲು ಬಂದಿತು, ಕುಮಟಾದ ವ್ಯಾಪಾರ ಕುಸಿಯಿತು’ ಎಂಬ ವಾಕ್ಯ ನಿಜವಾದರೂ ಅಪೂರ್ಣ. ನಡುವಿನ ಕೊಂಡಿಗಳನ್ನು ಒಂದೊಂದಾಗಿ ಹೇಳಬೇಕು. ಹತ್ತಿ ಈಗ ಘಟ್ಟ ಇಳಿಯುವ ಬದಲು ಹತ್ತಿರದ ನಿಲ್ದಾಣಕ್ಕೆ ಹೋಯಿತು. ಸಾಗಣೆಯ ಕಾಲ ಒಂದು ವಾರದಿಂದ ಒಂದೆರಡು ದಿನಕ್ಕೆ ಇಳಿಯಿತು. ಮಳೆಗಾಲದ ತಡೆ ಬಹುಮಟ್ಟಿಗೆ ತಪ್ಪಿತು. ಸರಕು ಬಂದು ಸೇರುವ ಜಾಗದಲ್ಲಿಯೇ ಹತ್ತಿ ಬಿಡಿಸುವ ಜಿನ್ನಿಂಗ್ ಕಾರ್ಖಾನೆಗಳೂ ಅಂಡಿಗೆ ಕಟ್ಟುವ ಪ್ರೆಸ್ಸುಗಳೂ ನೆಲೆಯೂರಿದವು. ವ್ಯಾಪಾರಿಗಳೂ ಅತ್ತಲೇ ಸರಿದರು. ಹೀಗೆ ಹುಬ್ಬಳ್ಳಿ, ಗದಗ ಪಟ್ಟಣಗಳು ಬೆಳೆದವು. ಕುಮಟಾ ತನ್ನ ಹಿಂದಿನ ಮಹತ್ವವನ್ನು ಕಳೆದುಕೊಂಡಿತು.

ಪ್ರತಿಸ್ಪರ್ಧಿ ಕಾರಣ

ಇಷ್ಟಕ್ಕೇ ನಿಲ್ಲಿಸಿದರೆ ವಾದ ಅರ್ಧವಾದಂತೆ. ಕುಮಟಾದ ಇಳಿಕೆಗೆ ಇನ್ನೊಂದು ವಿವರಣೆಯೂ ಇದೆ. 1861–65ರ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಇಂಗ್ಲೆಂಡಿಗೆ ಅಮೆರಿಕದ ಹತ್ತಿ ನಿಂತು, ಭಾರತದ ಹತ್ತಿಗೆ ಎಂದೂ ಇಲ್ಲದ ಬೆಲೆ ಬಂದಿತ್ತು. ಯುದ್ಧ ಮುಗಿಯುತ್ತಲೇ ಬೆಲೆ ಬಿದ್ದಿತು. ಹಾಗಿದ್ದರೆ ಬಂದರನ್ನು ಬಡವಾಗಿಸಿದ್ದು ಬೆಲೆಯೋ, ರೈಲೋ?

ಇದನ್ನು ಪರೀಕ್ಷಿಸಲು ಒಂದು ಸರಳ ಉಪಾಯವಿದೆ. ಪ್ರತಿಯೊಂದು ಕಾರಣ ನಿಜವಾಗಿದ್ದರೆ ಏನು ಕಾಣಬೇಕಿತ್ತು ಎಂದು ಕೇಳಬೇಕು. ಬೆಲೆಯೇ ಕಾರಣವಾಗಿದ್ದರೆ ಇಳಿಕೆ 1865ರ ಬೆನ್ನಿಗೇ ಪೂರ್ಣವಾಗಬೇಕಿತ್ತು, ಎಲ್ಲ ದಾರಿಗಳ ಮೇಲೂ ಹೊಡೆತ ಬೀಳಬೇಕಿತ್ತು. ರೈಲು ಕಾರಣವಾಗಿದ್ದರೆ ಹತ್ತಿಯ ವ್ಯಾಪಾರ ಮುಂದುವರಿದು ಅದರ ದಿಕ್ಕು ಮಾತ್ರ ಬದಲಾಗಬೇಕಿತ್ತು. ಆದದ್ದು ಎರಡನೆಯದು. ಧಾರವಾಡ ಸೀಮೆಯಲ್ಲಿ ಹತ್ತಿಯ ಬೆಳೆ ನಿಲ್ಲಲಿಲ್ಲ. ಹಳಿ ಬಿದ್ದ ಮೇಲೆ ಅದು ಬೇರೆ ದಾರಿ ಹಿಡಿಯಿತು. ಬೆಲೆಯ ಕುಸಿತವು ಬಂದರಿನ ವೈಭವಕ್ಕೆ ಪೆಟ್ಟು ಕೊಟ್ಟಿತು, ರೈಲು ಅದರ ಸರಕನ್ನೇ ಕಸಿಯಿತು ಎಂದು ಎರಡಕ್ಕೂ ತಕ್ಕ ಸ್ಥಾನ ಕೊಟ್ಟು ಬರೆದರೆ ವಾದ ಗಟ್ಟಿಯಾಗುತ್ತದೆ.

ಪ್ರಯಾಣ: ಪ್ಲೇಗ್ ತೋರಿಸಿದ ದಾರಿ

ಪ್ರಯಾಣದ ಭಾಗಕ್ಕೂ ಇದೇ ಕ್ರಮ ಸಲ್ಲುತ್ತದೆ. ‘ಜನ ಹೆಚ್ಚು ಓಡಾಡತೊಡಗಿದರು’ ಎಂದರೆ ಸಾಲದು. ಅದರಿಂದ ಬದುಕಿನಲ್ಲಿ ಏನಾಯಿತೆಂಬುದು ಕಾಣಬೇಕು. ರೈಲು ಹತ್ತಿದವರಲ್ಲಿ ಬಹುಪಾಲು ಮೂರನೆಯ ದರ್ಜೆಯವರು. ಆಸನವನ್ನು ನಿರ್ಧರಿಸಿದ್ದು ಜಾತಿಯಲ್ಲ, ಟಿಕೆಟ್ಟು. ಆದರೂ ನಿಲ್ದಾಣಗಳಲ್ಲಿ ಕುಡಿಯುವ ನೀರು ಮತಭೇದದಂತೆ ಬೇರೆಬೇರೆಯಾಗಿಯೇ ಉಳಿಯಿತು. ಒಂದು ಬದಲಾವಣೆಯ ಜತೆಗೆ ಅದರ ಮಿತಿಯನ್ನೂ ಹೇಳುವುದೆಂದರೆ ಹೀಗೆ.

ಅನಿರೀಕ್ಷಿತ ಪರಿಣಾಮಕ್ಕೆ ಪ್ಲೇಗ್ ಉತ್ತಮ ಉದಾಹರಣೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ 1898ರಲ್ಲಿ ಹುಬ್ಬಳ್ಳಿ–ಧಾರವಾಡವನ್ನು ಕಾಡಿ, ಅದೇ ವರ್ಷ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಸೋಂಕು ತಗುಲಿದವರಲ್ಲಿ ರೋಗದ ಲಕ್ಷಣ ಕಾಣಲು ಕೆಲವು ದಿನಗಳೇ ಬೇಕು. ಗಾಡಿಯ ಪ್ರಯಾಣದಲ್ಲಿ ರೋಗಿ ದಾರಿಯಲ್ಲೇ ಮಲಗುತ್ತಿದ್ದ. ರೈಲಿನಲ್ಲಿ ಲಕ್ಷಣ ಕಾಣುವ ಮೊದಲೇ ದೂರದ ಊರನ್ನು ಸೇರಿಬಿಡುತ್ತಿದ್ದ. ಸರಕಿನ ಜತೆಗೆ ಇಲಿ, ಚಿಗಟಗಳೂ ಸಾಗುತ್ತಿದ್ದವು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯು ರೈಲು ಪ್ರಯಾಣಿಕರನ್ನು ತಪಾಸಣೆ ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿತು. ನಿಲ್ದಾಣದಲ್ಲಿ ವೈದ್ಯರ ಮುಂದೆ ನಿಲ್ಲುವುದು ಪ್ರಯಾಣದ ಒಂದು ಭಾಗವಾಯಿತು.

ಎಲ್ಲಿ ನಿಲ್ಲಿಸಬೇಕು

ಇಲ್ಲಿಂದ ಮುಂದೆ ಹೋಗಿ, ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ‘ರೈಲಿನ ಕೊಡುಗೆ’ ಎಂದು ಬರೆಯುವ ಆಸೆ ಹುಟ್ಟುತ್ತದೆ. ಅದು ಕೊಂಡಿ ತುಂಡಾಗುವ ಜಾಗ. ಪೇಟೆಯ ಇಕ್ಕಟ್ಟು ಮೊದಲೇ ಇತ್ತು, ನಗರ ವಿಸ್ತರಣೆಯ ಯೋಚನೆಯೂ ಇತ್ತು. ಪ್ಲೇಗ್ ಅದಕ್ಕೆ ವೇಗ ಕೊಟ್ಟಿತು. ‘ಎತ್ತಿನ ಗಾಡಿ ಮರೆಯಾಯಿತು’ ಎಂಬುದೂ ಇಂತಹದೇ ಅತಿಶಯೋಕ್ತಿ. ದೂರದ ದಾರಿಯಿಂದ ಹಿಂದೆ ಸರಿದ ಗಾಡಿಗೆ ಹೊಲದಿಂದ ನಿಲ್ದಾಣದವರೆಗೆ ಹೊಸ ಕೆಲಸ ಸಿಕ್ಕಿತು.

ಕೊನೆಗೆ ಇಡೀ ವಾದವು ಒಂದು ವಾಕ್ಯದಲ್ಲಿ ಅಡಗಬೇಕು, ಆ ವಾಕ್ಯ ಪ್ರಬಂಧದ ಮೊದಲ ಪರಿಚ್ಛೇದದಲ್ಲಿಯೇ ಇರಬೇಕು. ಈ ಉದಾಹರಣೆಯಲ್ಲಿ ಅದು ಹೀಗಿರಬಹುದು: ಧಾರವಾಡ ಸೀಮೆಯಲ್ಲಿ ಹತ್ತಿಯ ವ್ಯಾಪಾರವನ್ನು ರೈಲು ಹುಟ್ಟುಹಾಕಲಿಲ್ಲ, ಅದರ ದಾರಿಯನ್ನು ತಿರುಗಿಸಿತು, ಆ ತಿರುವಿನಲ್ಲಿ ಹುಬ್ಬಳ್ಳಿ ಗಳಿಸಿತು, ಕುಮಟಾ ಕಳೆದುಕೊಂಡಿತು, ಜನರೊಂದಿಗೆ ರೋಗವೂ ವೇಗ ಪಡೆಯಿತು. ಕುಮಟಾಕ್ಕೆ ರೈಲು ಬಂದದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆಯ ಮೂಲಕ. ಅಷ್ಟರಲ್ಲಿ ಹತ್ತಿ ಆ ಬಂದರನ್ನು ಬಿಟ್ಟು ಸುಮಾರು ನೂರು ವರ್ಷಗಳಾಗಿದ್ದವು.