ಕೆಲಸದ ದಿನಗಳ ಎಣಿಕೆ: ಎಕ್ಸೆಲ್ ಸೂತ್ರಗಳೂ ಎರಡನೇ ಶನಿವಾರದ ತೊಡಕೂ

ಶಿಡ್ಲಘಟ್ಟ ತಾಲ್ಲೂಕಿನ ಹೋಬಳಿ ಕೇಂದ್ರವಾದ ಜಂಗಮಕೋಟೆಯಂಥ ಊರಿನ ನಾಡಕಚೇರಿಯಲ್ಲಿ ಸ್ವೀಕೃತವಾಗುವ ಅರ್ಜಿಗೆ ‘ಸಕಾಲ’ ಯೋಜನೆಯಡಿ ಒಂದು ಕಾಲಮಿತಿ ಇರುತ್ತದೆ. ಈ ಮಿತಿಯನ್ನು ಕೆಲಸದ ದಿನಗಳಲ್ಲಿ ಎಣಿಸಲಾಗುತ್ತದೆ. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ ಕೋರಲು ಅರ್ಜಿದಾರರಿಗೆ ಅವಕಾಶವಿದೆ. ಹೀಗಾಗಿ ಎರಡು ದಿನಾಂಕಗಳ ನಡುವಿನ ಕೆಲಸದ ದಿನಗಳನ್ನು ತಪ್ಪಿಲ್ಲದೆ ಎಣಿಸುವುದು ಇಂಥ ಕಚೇರಿಗಳಿಗೆ ನಿತ್ಯದ ಅಗತ್ಯವಾಗಿದ್ದು, ಎಕ್ಸೆಲ್‌ನಲ್ಲಿ ಈ ಎಣಿಕೆಯ ವಿಧಾನ ಹಂತಹಂತವಾಗಿ ಬೆಳೆದುಬಂದಿದೆ.

ಎಕ್ಸೆಲ್ ಪ್ರತಿಯೊಂದು ದಿನಾಂಕವನ್ನೂ ಒಂದು ಕ್ರಮಸಂಖ್ಯೆಯಾಗಿ ಇಟ್ಟುಕೊಳ್ಳುವುದರಿಂದ ಒಂದರಲ್ಲಿ ಇನ್ನೊಂದನ್ನು ಕಳೆದರೆ ಒಟ್ಟು ದಿನಗಳು ಸುಲಭವಾಗಿ ಸಿಗುತ್ತವೆ, ಆದರೆ ವಾರದ ರಜೆಗಳನ್ನು ಅದರಿಂದ ಬೇರ್ಪಡಿಸುವುದಕ್ಕೆ ಮೊದಲು ಉದ್ದನೆಯ ಸೂತ್ರಗಳನ್ನೇ ಹೆಣೆಯಬೇಕಾಗಿತ್ತು. NETWORKDAYS ಎಂಬ ಸಿದ್ಧ ಸೂತ್ರ ‘ಅನಾಲಿಸಿಸ್ ಟೂಲ್‌ಪ್ಯಾಕ್’ ಎಂಬ ಪೂರಕ ತಂತ್ರಾಂಶದಲ್ಲಿತ್ತು. ಅದನ್ನು ಸಕ್ರಿಯಗೊಳಿಸದ ಗಣಕಯಂತ್ರದಲ್ಲಿ ಅದೇ ಕಡತವನ್ನು ತೆರೆದು ಲೆಕ್ಕ ಹಾಕಿಸಿದರೆ ಉತ್ತರದ ಬದಲು #NAME? ಎಂಬ ದೋಷಸೂಚನೆ ಬರುತ್ತಿತ್ತು. ಎಕ್ಸೆಲ್ 2007ರಲ್ಲಿ ಅದು ಮೂಲ ತಂತ್ರಾಂಶದ ಭಾಗವಾಯಿತು. ಆದರೆ ಅದು ಶನಿವಾರ ಮತ್ತು ಭಾನುವಾರ ಎರಡನ್ನೂ ಸದಾ ರಜೆ ಎಂದೇ ಭಾವಿಸುತ್ತದೆ. ಈ ಕೊರತೆಯನ್ನು ನೀಗಿಸಿದ್ದು ಎಕ್ಸೆಲ್ 2010ರ NETWORKDAYS.INTL, ಇದರಲ್ಲಿ ವಾರದ ರಜೆ ಯಾವುದೆಂದು ಬಳಕೆದಾರರೇ ಸೂಚಿಸಬಹುದು, ಉದಾಹರಣೆಗೆ 11 ಎಂಬ ಸಂಕೇತ ಭಾನುವಾರವೊಂದನ್ನೇ ರಜೆಯಾಗಿ ಪರಿಗಣಿಸುತ್ತದೆ.

ಕರ್ನಾಟಕದ ಕಚೇರಿಗಳಿಗೆ ಇದೂ ಪೂರ್ತಿ ಹೊಂದುವುದಿಲ್ಲ. ಬ್ಯಾಂಕುಗಳಿಗೆ 2015ರ ಸೆಪ್ಟೆಂಬರ್‌ನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆಯಾದರೆ, ಅದುವರೆಗೆ ಎರಡನೇ ಶನಿವಾರವಷ್ಟೇ ರಜೆಯಿದ್ದ ರಾಜ್ಯ ಸರ್ಕಾರಿ ಕಚೇರಿಗಳಿಗೆ 2019ರ ಜೂನ್‌ನಲ್ಲಿ ನಾಲ್ಕನೆಯದೂ ಸೇರಿತು. ಸೂತ್ರದ ಸಂಕೇತವಾದರೋ ಪ್ರತಿ ವಾರವೂ ಒಂದೇ ಬಗೆಯಾಗಿ ಪುನರಾವರ್ತಿಸುವ ರಜೆಯನ್ನು ಮಾತ್ರ ಬಲ್ಲದು, ತಿಂಗಳಲ್ಲಿ ಎಷ್ಟನೆಯ ಶನಿವಾರ ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ಭಾನುವಾರವನ್ನು ಸಂಕೇತಕ್ಕೆ ಬಿಟ್ಟು, ಈ ಎರಡು ಶನಿವಾರಗಳನ್ನು ಸಾರ್ವತ್ರಿಕ ರಜೆಗಳ ಜೊತೆ ಪಟ್ಟಿಯಲ್ಲಿ ಬರೆಯುವುದೇ ಸರಿಯಾದ ಮಾರ್ಗ. A2ರಲ್ಲಿ ತಿಂಗಳ ಮೊದಲ ದಿನಾಂಕವಿದ್ದರೆ ಅವು ಹೀಗೆ ದೊರೆಯುತ್ತವೆ:

```
=A2+14-WEEKDAY(A2)
=A2+28-WEEKDAY(A2)
```

2025ರ ನವೆಂಬರ್ 3ರ ಸೋಮವಾರ ಬಂದ ಅರ್ಜಿಗೆ 21 ಕೆಲಸದ ದಿನಗಳ ಮಿತಿ ಇದೆ ಎಂದಿಟ್ಟುಕೊಳ್ಳೋಣ. ಆ ತಿಂಗಳ 8 ಮತ್ತು 22ನೇ ತಾರೀಖು ಎರಡನೇ ಮತ್ತು ನಾಲ್ಕನೇ ಶನಿವಾರಗಳು. ಕನಕದಾಸ ಜಯಂತಿಯೂ 8ರಂದೇ ಬಂದದ್ದರಿಂದ ಅದಕ್ಕಾಗಿ ಬೇರೆ ದಿನ ಕಳೆಯುವಂತಿಲ್ಲ. ರಜೆಗಳ ಪಟ್ಟಿಗೆ RAJE ಎಂದು ಹೆಸರಿಟ್ಟು, ಸ್ವೀಕೃತಿಯ ದಿನಾಂಕವನ್ನು B2ರಲ್ಲಿ ಬರೆದರೆ, ಕೊನೆಯ ದಿನವನ್ನು ಹೇಳುವ ಜೋಡಿ ಸೂತ್ರ ಹೀಗಿರುತ್ತದೆ:

```
=WORKDAY.INTL(B2,21,11,RAJE)
```

ಇದರ ಉತ್ತರ ನವೆಂಬರ್ 29, ಶನಿವಾರ. ಅದೇ ಹಳೆಯ WORKDAY ಸೂತ್ರವನ್ನು ಬಳಸಿದರೆ 15 ಮತ್ತು 29ರ ಶನಿವಾರಗಳೂ ರಜೆಯಾಗಿಬಿಟ್ಟು ಡಿಸೆಂಬರ್ 2 ಎಂದು ಬರುತ್ತದೆ. ಅದನ್ನು ನಂಬಿದ ಗುಮಾಸ್ತರು ಮಿತಿ ಮೀರಿದ ಮೇಲೂ ಸಮಯವಿದೆಯೆಂದೇ ಭಾವಿಸುತ್ತಾರೆ.

ಇಲ್ಲಿ ಹೆಚ್ಚು ಎಡವುವ ಜಾಗ ಇನ್ನೊಂದಿದೆ. ಇದೇ 3ರಿಂದ 29ರವರೆಗೆ ಎಣಿಸಲು C2ರಲ್ಲಿ 29ನೇ ತಾರೀಖನ್ನಿಟ್ಟು

```
=NETWORKDAYS.INTL(B2,C2,11,RAJE)
```

ಎಂದು ಬರೆದರೆ ಉತ್ತರ 21 ಅಲ್ಲ, 22. ಈ ಸೂತ್ರ ಮೊದಲ ಮತ್ತು ಕೊನೆಯ ದಿನ ಎರಡನ್ನೂ ಸೇರಿಸಿಕೊಳ್ಳುತ್ತದೆ, WORKDAY.INTL ಆರಂಭದ ದಿನವನ್ನು ಬಿಟ್ಟು ಮರುದಿನದಿಂದ ಎಣಿಸುತ್ತದೆ. ಸ್ವೀಕೃತಿಯ ದಿನವನ್ನು ಲೆಕ್ಕಕ್ಕೆ ಹಿಡಿಯಬೇಕೇ ಎಂಬುದನ್ನು ನಿಯಮ ಹೇಳಬೇಕೇ ಹೊರತು ಎಕ್ಸೆಲ್ ಅಲ್ಲ; ಹಿಡಿಯುವಂತಿಲ್ಲವಾದರೆ ಮತ್ತು ಆ ದಿನ ಕೆಲಸದ ದಿನವೇ ಆಗಿದ್ದರೆ ಬಂದ ಉತ್ತರದಲ್ಲಿ ಒಂದನ್ನು ಕಳೆಯಬೇಕು.

ಪಟ್ಟಿಯಲ್ಲಿ ಅಡಗುವ ದೋಷ ಇದಕ್ಕಿಂತ ಕಪಟಿ. ಗಣಕಯಂತ್ರದ ಪ್ರಾದೇಶಿಕ ವ್ಯವಸ್ಥೆ ಅಮೆರಿಕದ್ದಾಗಿದ್ದರೆ 08-11-2025 ಎಂದು ಟೈಪಿಸಿದ್ದು ಸದ್ದಿಲ್ಲದೆ ಆಗಸ್ಟ್ 11 ಆಗುತ್ತದೆ. 22-11-2025 ಎಂಬುದಾದರೆ ಇಪ್ಪತ್ತೆರಡನೇ ತಿಂಗಳಿಲ್ಲದ ಕಾರಣ ದಿನಾಂಕವಾಗದೆ ಬರೀ ಅಕ್ಷರವಾಗಿ ಉಳಿದು, ಕೋಶದ ಎಡಬದಿಗೆ ಅಂಟಿಕೊಂಡು ತನ್ನನ್ನು ತಾನೇ ತೋರಿಸಿಕೊಡುತ್ತದೆ. ಮೊದಲನೆಯದು ಹಾಗೆ ಸಿಕ್ಕಿಬೀಳುವುದಿಲ್ಲ. ಪಟ್ಟಿಯ ಪಕ್ಕದ ಅಂಕಣದಲ್ಲಿ ಅದೇ ದಿನಾಂಕಗಳನ್ನು dddd ಮಾದರಿಯಲ್ಲಿ ವಾರದ ಹೆಸರಾಗಿ ತೋರಿಸಿದರೆ, ಶನಿವಾರವಿರಬೇಕಾದ ಕಡೆ ಸೋಮವಾರ ಕಾಣಿಸುತ್ತದೆ.